ಯಲಬುರ್ಗಾದ ಚಿಗವ್ವನ 354 ರೂಪಾಯಿ

ಪಾಸ್‌ಬುಕ್‌ನಲ್ಲಿ 118, 177, 236, 295, 590 ಇಂಥ ಅಂಕಿಗಳು ಖರ್ಚಿನ ಕಡೆ ಕಂಡರೆ ಅಲ್ಲೇ ನಿಂತು ನೋಡಬೇಕು. ನಾವು ಯಾರಿಗೂ 118 ರೂಪಾಯಿ ಕೊಡುವುದಿಲ್ಲ. ಅದು 100 ರೂಪಾಯಿ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ. ಹಾಗೆಯೇ 236 ಎಂದರೆ 200 ಮತ್ತು 36. ಬ್ಯಾಂಕು ಹಾಕಿದ ಶುಲ್ಕವನ್ನು ಗುರುತಿಸಲು ಇಷ್ಟು ಗಣಿತ ಸಾಕು. ಆ ಶುಲ್ಕ ಸರಿಯೋ ತಪ್ಪೋ ಎಂಬುದು ಬೇರೆ ಪ್ರಶ್ನೆ. ತಪ್ಪಿದ್ದರೆ ಅದನ್ನು ಮರಳಿ ಪಡೆಯಲು ಬರೆಯುವ ಪತ್ರ ಹೇಗಿರಬೇಕು ಎಂಬುದನ್ನು ನಾನು ಕಲಿತದ್ದು ನಮ್ಮ ಚಿಗವ್ವನ ಖಾತೆಯಿಂದ.

ಚಿಗವ್ವನ ಊರು ಯಲಬುರ್ಗಾ ತಾಲ್ಲೂಕಿನ ಎರೆಹೊಲದ ಕಡೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಭತ್ತದ ನಾಟಿಗೆಂದು ಗಂಗಾವತಿ ಕಡೆ ಹೋಗುತ್ತಿದ್ದಳು. ಕೂಲಿ ಇಡಲು ಅನುಕೂಲವಾಗಲೆಂದು ಅಲ್ಲಿಯ ಒಂದು ಶಾಖೆಯಲ್ಲಿ ಖಾತೆ ತೆರೆದಿದ್ದಳು. ಆಮೇಲೆ ಮಂಡಿ ನೋವು ಶುರುವಾಗಿ ನಾಟಿಗೆ ಹೋಗುವುದು ನಿಂತಿತು, ಖಾತೆ ಮಾತ್ರ ಉಳಿಯಿತು. ಮಗ ಮಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ಅವನು ಹಬ್ಬಕ್ಕೆಂದು ಆ ಖಾತೆಗೆ 2,000 ರೂಪಾಯಿ ಹಾಕಿದ. ಅವಳು ಊರಲ್ಲೇ ಬೆರಳೊತ್ತಿ ದುಡ್ಡು ತೆಗೆಯುವ ಹುಡುಗನ ಹತ್ತಿರ ಹೋದರೆ ಮಷೀನು 1,796 ತೋರಿಸಿತು.

‘ಮಗ ಎರಡ ಸಾವಿರ ಹಾಕೀನಿ ಅಂತಾನ, ಇಲ್ಲಿ ನೋಡಿದ್ರ ಕಡಿಮಿ ಐತಿ. ನಡುವ ಯಾರ ತಿಂದ್ರೋ ತಮ್ಮಾ?’ ಎಂದು ನನಗೆ ಫೋನ್ ಮಾಡಿದಳು.

ಮೊದಲು ಮಾಡಿದ ಕೆಲಸ ಪಾಸ್‌ಬುಕ್ ಪೂರ್ತಿ ಮುದ್ರಿಸಿಕೊಂಡದ್ದು. ಖಾತೆಯಲ್ಲಿ 150 ರೂಪಾಯಿ ಇತ್ತು. ಜುಲೈಯಲ್ಲಿ ಕನಿಷ್ಠ ಮೊತ್ತ ಇಲ್ಲವೆಂದು 118 ಕಡಿತವಾಗಿ 32 ಉಳಿದಿತ್ತು. ಅಕ್ಟೋಬರಿನಲ್ಲಿ ಮತ್ತೆ 118 ಹಾಕಿದಾಗ ಖಾತೆ ಸೊನ್ನೆಗಿಂತ ಕೆಳಗೆ, ಮೈನಸ್ 86ಕ್ಕೆ ಇಳಿದಿತ್ತು. ಜನವರಿಯಲ್ಲಿ ಇನ್ನೊಂದು 118 ಬಿದ್ದು ಮೈನಸ್ 204. ಮಗನ 2,000 ಬಂದ ಕೂಡಲೇ ಆ 204 ಮುರಿದುಕೊಂಡು 1,796 ಉಳಿಯಿತು. ಒಟ್ಟು ಶುಲ್ಕ 354.

ರಿಸರ್ವ್ ಬ್ಯಾಂಕು 2014ರ ನವೆಂಬರ್‌ನಲ್ಲಿ ಈ ವಿಷಯಕ್ಕೇ ಒಂದು ಸುತ್ತೋಲೆ ಹೊರಡಿಸಿತ್ತು, ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಲ್ಲಿ ನಮಗೆ ಬೇಕಾದ ಮಾತು ಎರಡು. ಕನಿಷ್ಠ ಮೊತ್ತ ಕಡಿಮೆಯಾದರೆ ಬ್ಯಾಂಕು ಗ್ರಾಹಕರಿಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಒಂದು ತಿಂಗಳಲ್ಲಿ ತುಂಬದಿದ್ದರೆ ದಂಡ ಬೀಳುತ್ತದೆ ಎಂದು ಹೇಳಬೇಕು. ಇನ್ನೊಂದು, ಬರೀ ಈ ದಂಡದ ಕಾರಣಕ್ಕೆ ಉಳಿತಾಯ ಖಾತೆ ಮೈನಸ್‌ಗೆ ಹೋಗಬಾರದು. ಈ ಎರಡನ್ನೂ ಪಾಸ್‌ಬುಕ್ ಪಕ್ಕ ಇಟ್ಟು ನೋಡಿದರೆ 354 ರೂಪಾಯಿ ಎರಡು ಪಾಲಾಗುತ್ತದೆ. ಸೊನ್ನೆಗಿಂತ ಕೆಳಗೆ ಎಳೆದ 86 ಮತ್ತು 118, ಅಂದರೆ 204 ರೂಪಾಯಿ, ಪಾಸ್‌ಬುಕ್ಕೇ ಸಾಕ್ಷಿ ಹೇಳುವ ತಪ್ಪು. ಉಳಿದ 150 ಸರಿಯೋ ತಪ್ಪೋ ಎಂಬುದು ಮುನ್ಸೂಚನೆ ಬಂದಿತ್ತೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಆದರೆ ಶಾಖೆಗೆ ಹೋದ ಮೊದಲ ಅರ್ಜಿಯಲ್ಲಿ ಇದು ಯಾವುದೂ ಇರಲಿಲ್ಲ. ಅದನ್ನು ಚಿಗವ್ವ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರಿಂದ ಬರೆಸಿದ್ದಳು. ‘ನಾನು ಬಡವಳಿದ್ದು, ನನ್ನ ಖಾತೆಯಿಂದ ಹಣ ಕಡಿತವಾಗಿರುತ್ತದೆ. ಸದರಿ ಹಣ ಯಾವ ಕಾರಣಕ್ಕೆ ಕಡಿತವಾಗಿದೆ ಎಂದು ತಿಳಿಸಿಕೊಡಬೇಕೆಂದು ತಮ್ಮಲ್ಲಿ ವಿನಂತಿ.’ ಶಾಖೆಯವರು ಅರ್ಜಿ ತೆಗೆದುಕೊಂಡರು. ಕೆಲವು ದಿನಗಳಲ್ಲಿ ಉತ್ತರವೂ ಬಂತು: ಶುಲ್ಕದ ಪಟ್ಟಿಯ ಪ್ರಕಾರ ಕಡಿತ ಮಾಡಲಾಗಿದೆ, ವಿಚಾರಣೆ ಮುಕ್ತಾಯವಾಗಿದೆ. ಕೇಳಿದ್ದು ಕಾರಣ, ಅವರು ಕೊಟ್ಟದ್ದೂ ಕಾರಣ. ಹಣ ಕೊಡಿ ಎಂದು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ನಮ್ಮ ಕಡೆಯ ಅರ್ಜಿಗಳೆಲ್ಲ ಬಹುತೇಕ ಹೀಗೇ ಇರುತ್ತವೆ, ಮತ್ತು ಇದರಿಂದ ಆಗುವ ನಷ್ಟ ನಿಜವಾದದ್ದು. ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ದೂರು ಎಂದರೆ ಸೇವೆಯಲ್ಲಿ ಆದ ಲೋಪವನ್ನು ಹೇಳಿ, ಅದಕ್ಕೆ ಪರಿಹಾರ ಕೇಳುವ ಬರಹ. ಬರೀ ಸಲಹೆ, ಮಾರ್ಗದರ್ಶನ ಅಥವಾ ವಿವರಣೆ ಕೇಳುವ ಕಾಗದವನ್ನು ಒಂಬುಡ್ಸ್‌ಮನ್ ತಿರಸ್ಕರಿಸಬಹುದು ಎಂದು ಅದೇ ಯೋಜನೆ ಹೇಳುತ್ತದೆ. ಇಂಥ ಅರ್ಜಿಯನ್ನು ಎಷ್ಟು ಚಂದದ ಇಂಗ್ಲಿಷಿಗೆ ತಿರುಗಿಸಿದರೂ ಅದು ವಿವರಣೆ ಕೇಳುವ ಅರ್ಜಿಯಾಗಿಯೇ ಉಳಿಯುತ್ತದೆ. ಹಾಗಾಗಿ ಅನುವಾದಕ್ಕೆ ಕೂರುವ ಮೊದಲು ಕನ್ನಡದ ಪತ್ರವನ್ನೇ ದೂರಾಗಿ ಮಾಡಬೇಕಿತ್ತು.

ಚಿಗವ್ವನ ಜೊತೆ ಕೂತು, ಓದಿ ಹೇಳಿ, ಅವಳು ಹೂಂ ಅಂದ ಮೇಲೆ ಬರೆದ ಪತ್ರದ ಮುಖ್ಯ ಭಾಗ ಇದು:

‘ವಿಷಯ: ಕನಿಷ್ಠ ಮೊತ್ತದ ಹೆಸರಿನಲ್ಲಿ ತಪ್ಪಾಗಿ ಕಡಿತ ಮಾಡಿದ ಶುಲ್ಕದ ಮರುಪಾವತಿ ಕೋರಿ ದೂರು.

ನನ್ನ ಉಳಿತಾಯ ಖಾತೆಗೆ ಜುಲೈ, ಅಕ್ಟೋಬರ್ ಮತ್ತು ಜನವರಿಯಲ್ಲಿ ತಲಾ 118 ರೂಪಾಯಿಯಂತೆ ಒಟ್ಟು 354 ರೂಪಾಯಿ ಶುಲ್ಕ ಹಾಕಲಾಗಿದೆ. ಅಕ್ಟೋಬರ್ ಮತ್ತು ಜನವರಿಯ ಶುಲ್ಕದಿಂದ ನನ್ನ ಖಾತೆ ಮೈನಸ್ 204 ರೂಪಾಯಿಗೆ ಇಳಿದು, ನಂತರ ಜಮೆಯಾದ ಹಣದಲ್ಲಿ ಅದನ್ನು ಹಿಡಿಯಲಾಗಿದೆ. ಇದು ರಿಸರ್ವ್ ಬ್ಯಾಂಕಿನ 2014ರ ನವೆಂಬರ್ 20ರ ಸುತ್ತೋಲೆಗೆ ವಿರುದ್ಧ. ಈ 204 ರೂಪಾಯಿಯನ್ನು ನನ್ನ ಖಾತೆಗೆ ಮರಳಿ ಜಮಾ ಮಾಡಬೇಕು.

ಶುಲ್ಕ ಹಾಕುವ ಮೊದಲು ಮುನ್ಸೂಚನೆ ಬಂದದ್ದು ನನ್ನ ಗಮನದಲ್ಲಿಲ್ಲ. ಯಾವ ದಿನ, ಯಾವ ಸಂಖ್ಯೆಗೆ ಅಥವಾ ವಿಳಾಸಕ್ಕೆ ಸೂಚನೆ ಕಳಿಸಲಾಗಿದೆ ಎಂದು ತಿಳಿಸಬೇಕು. ಕಳಿಸಿಲ್ಲವಾದರೆ ಉಳಿದ 150 ರೂಪಾಯಿಯನ್ನೂ ಮರಳಿಸಬೇಕು.’

‘ಮುನ್ಸೂಚನೆ ಕೊಟ್ಟೇ ಇಲ್ಲ’ ಎಂದು ಬರೆಯಲು ಚಿಗವ್ವ ಹೇಳಿದಳು. ನಾನು ಒಪ್ಪಲಿಲ್ಲ. ನಮಗೆ ಗೊತ್ತಿದ್ದದ್ದು ಅವಳು ನೋಡಿಲ್ಲ ಎಂಬುದಷ್ಟೇ. ಸಾಬೀತು ಮಾಡಲಾಗದ ಒಂದು ವಾಕ್ಯ ಸುಳ್ಳಾದರೆ, ಸಾಬೀತಾದ 204ರ ಮೇಲೂ ಅನುಮಾನ ಬರುತ್ತದೆ.

ಇನ್ನು ಇಂಗ್ಲಿಷ್ ಏಕೆ? ಶಾಖೆಗೆ ಕನ್ನಡ ಸಾಕಿತ್ತು. ಆದರೆ ಶುಲ್ಕ ವಾಪಸು ಮಾಡುವ ಅಧಿಕಾರ ಶಾಖೆಯಲ್ಲಿರಲಿಲ್ಲ, ಕಾಗದ ಹೊರರಾಜ್ಯದ ಪ್ರಧಾನ ಕಚೇರಿಗೆ ಹೋಗಬೇಕಿತ್ತು. ಅಲ್ಲಿ ಓದುವವರಿಗೆ ಕನ್ನಡ ಬಾರದಿದ್ದರೆ, ಶಾಖೆಯವರು ಕಂಪ್ಯೂಟರಿನಲ್ಲಿ ಹಾಕುವ ಒಂದು ಸಾಲಿನ ಸಾರಾಂಶವೇ ನಮ್ಮ ದೂರಾಗಿಬಿಡುತ್ತದೆ. ನಮ್ಮ ಮಾತು ಪೂರ್ತಿ ಹೋಗಲೆಂದೇ ನಾವು ಅನುವಾದ ಮಾಡಿದ್ದು.

ಅನುವಾದದಲ್ಲಿ ತೊಡಕಾದದ್ದು ವ್ಯಾಕರಣವಲ್ಲ, ಹೆಸರುಗಳು. ನಮ್ಮ ಜಿಲ್ಲೆಯ ಊರುಗಳಿಗೆ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವಿಲ್ಲ. ಯಲಬುರ್ಗಾ, ಗಂಗಾವತಿ ಎರಡನ್ನೂ ಒಂದೊಂದು ಕಚೇರಿ ಒಂದೊಂದು ಥರ ಬರೆಯುತ್ತದೆ. ಚಿಗವ್ವನ ಹೆಸರೂ ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಇನ್ನೊಂದು. ನಮಗೆ ಸರಿ ಅನ್ನಿಸಿದ ಕಾಗುಣಿತ ಹಾಕಿದರೆ ಪ್ರಧಾನ ಕಚೇರಿಯವರಿಗೆ ಆ ಗ್ರಾಹಕಿ ಸಿಗುವುದೇ ಇಲ್ಲ. ಹಾಗಾಗಿ ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ತಿದ್ದದೆ ನಕಲು ಮಾಡಿದೆ. ಶಾಖೆಯ ಹೆಸರಿನ ಪಕ್ಕ ಐಎಫ್‌ಎಸ್‌ಸಿ ಸಂಕೇತ ಬರೆದೆ. ಅದರ ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆಯದು. ಊರಿನ ಕಾಗುಣಿತ ತಪ್ಪಿದರೂ ಸಂಕೇತ ತಪ್ಪುವುದಿಲ್ಲ. ಪ್ರತಿ ಕಡಿತದ ಎದುರು ಪಾಸ್‌ಬುಕ್‌ನಲ್ಲಿ ಮುದ್ರಿತವಾದ ಚುಟುಕು ಟಿಪ್ಪಣಿಯನ್ನೂ ಹಾಗೇ ಇಳಿಸಿದೆ, ಅದನ್ನು ಬಿಡಿಸಿ ಬರೆಯಲು ಹೋಗಲಿಲ್ಲ.

ಸಹಿಯ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ತಾನು ಓದಲಾರದ ಕಾಗದಕ್ಕೆ ಚಿಗವ್ವ ಸಹಿ ಹಾಕಬಾರದು. ಡಿಟಿಪಿ ಅಂಗಡಿಯವರು ಇಂಗ್ಲಿಷ್ ಹಾಳೆ ಮಾತ್ರ ಸಾಕು ಅನ್ನುತ್ತಾರೆ. ಅದರಲ್ಲಿ ‘ಕೋರಿಕೆ’ ಎಂದು ಬಂದಿದೆಯೋ ‘ದೂರು’ ಎಂದು ಬಂದಿದೆಯೋ ಅವಳಿಗೆ ಗೊತ್ತಾಗುವುದು ಹೇಗೆ? ಕನ್ನಡದ ಪತ್ರಕ್ಕೆ ಅವಳ ಸಹಿ, ಅದರ ಹಿಂದೆ ಇಂಗ್ಲಿಷ್ ಹಾಳೆ, ಅದರ ತಲೆಯಲ್ಲಿ ‘ಲಗತ್ತಿಸಿದ ಕನ್ನಡ ದೂರಿನ ಅನುವಾದ’ ಎಂಬ ಸಾಲು. ಎರಡನ್ನೂ ಸೇರಿಸಿ ಪಿನ್ ಹೊಡೆದು ಕೊಟ್ಟೆವು.

ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮುದ್ರೆ ಮತ್ತು ತಾರೀಖು ಹಾಕಿಸಿಕೊಂಡೆವು. ಮುದ್ರೆ ಹಾಕಲು ಹಿಂದೇಟು ಹೊಡೆದರೆ ದೂರು ಪುಸ್ತಕ ಕೇಳಬೇಕು. ದೂರು ಕೊಟ್ಟವರಿಗೆ ಅಲ್ಲೇ ಸ್ವೀಕೃತಿಯ ಪ್ರತಿ ಸಿಗುವಂಥ ಪುಸ್ತಕ ಶಾಖೆಗಳಲ್ಲಿರಬೇಕೆಂದು ರಿಸರ್ವ್ ಬ್ಯಾಂಕು ಹೇಳಿದೆ. ಆ ತಾರೀಖು ಯಾಕೆ ಮುಖ್ಯ ಅಂದರೆ, ಬ್ಯಾಂಕಿಗೆ ಉತ್ತರಿಸಲು 30 ದಿನ ಇದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಮಾತ್ರ ಒಂಬುಡ್ಸ್‌ಮನ್ ಬಾಗಿಲು ತೆರೆಯುತ್ತದೆ. cms.rbi.org.in ತಾಣದಲ್ಲಿ ದೂರು ಹಾಕಲು ಹೋದರೆ, ಮೊದಲು ಬ್ಯಾಂಕಿಗೆ ದೂರು ಕೊಟ್ಟಿದ್ದೀರಾ, ಯಾವತ್ತು ಎಂದೇ ಕೇಳುತ್ತದೆ. ಅಲ್ಲಿಗೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅಂಚೆ ಅಥವಾ ಇಮೇಲ್‌ನಲ್ಲಿ ಬರುವ ದೂರುಗಳಿಗಾಗಿ ಚಂಡೀಗಢದಲ್ಲಿ ಇರುವ ರಿಸರ್ವ್ ಬ್ಯಾಂಕಿನ ಕೇಂದ್ರ ಯಾವ ಭಾಷೆಯ ದೂರನ್ನಾದರೂ ತೆಗೆದುಕೊಳ್ಳುತ್ತದೆ. ಅಂದರೆ ಅಲ್ಲಿಗೆ ಚಿಗವ್ವನ ಕನ್ನಡದ ಪತ್ರವೊಂದೇ ಸಾಕಾಗುತ್ತಿತ್ತು. ವಿಚಾರಿಸಲು 14448 ಎಂಬ ಉಚಿತ ಸಂಖ್ಯೆಯೂ ಇದೆ.

ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಗಡುವಿನ ಒಳಗೇ 204 ರೂಪಾಯಿ ಖಾತೆಗೆ ಬಂತು. 150 ಬರಲಿಲ್ಲ. ಮುನ್ಸೂಚನೆಯ ತಾರೀಖು ಮತ್ತು ಫೋನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಬ್ಯಾಂಕು ಉತ್ತರದಲ್ಲಿ ಕೊಟ್ಟಿತ್ತು. ನೋಡಿದರೆ ಅದು ಮಗನ ಸಂಖ್ಯೆ. ಖಾತೆ ತೆರೆಯುವಾಗ ಚಿಗವ್ವನ ಹತ್ತಿರ ಫೋನ್ ಇರಲಿಲ್ಲ, ಅವನದನ್ನೇ ಕೊಟ್ಟಿದ್ದಳು. ಆ ಸಂದೇಶ ಮಂಗಳೂರಿನಲ್ಲಿ, ಜಾಹೀರಾತಿನ ನೂರಾರು ಸಂದೇಶಗಳ ನಡುವೆ ಅವನ ಫೋನಿನಲ್ಲೇ ಕೂತಿತ್ತು. ನಿಯಮ ಕೇಳುವುದು ಸೂಚನೆ ಕಳಿಸಿದ್ದನ್ನು, ಓದಿದ್ದನ್ನಲ್ಲ. ಅಲ್ಲಿಗೆ ಆ ಹಣದ ಆಸೆ ಬಿಟ್ಟೆವು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ದುಡಿಯಲು ಹೋದ ಮಕ್ಕಳ ಫೋನುಗಳಲ್ಲಿ ಮನೆಯ ಹಿರಿಯರ ಖಾತೆಗಳ ಇಂಥ ಸೂಚನೆಗಳು ಎಷ್ಟೋ ಬಿದ್ದಿರುತ್ತವೆ. ಇದು ನನ್ನನ್ನು ಆ 150 ರೂಪಾಯಿಗಿಂತ ಹೆಚ್ಚು ಕಾಡುತ್ತಿದೆ.

ಈಗ ಎರಡು ಅರ್ಜಿ ಕೊಟ್ಟಿದ್ದೇವೆ. ಒಂದು ಫೋನ್ ಸಂಖ್ಯೆ ಬದಲಿಸಲು. ಇನ್ನೊಂದು ಈ ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಮಾಡಿಕೊಡಲು. ಕನಿಷ್ಠ ಮೊತ್ತದ ಷರತ್ತೇ ಇಲ್ಲದ ಈ ಖಾತೆಯನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ, ಜನಧನ ಖಾತೆಗಳೂ ಇದೇ ಜಾತಿಯವು. ಅದು ಇದ್ದವರಿಗೆ ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಕೂಡದು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಎಲ್ಲ ಉಳಿತಾಯ ಖಾತೆಗಳಿಗೂ ಈ ದಂಡ ತೆಗೆದುಹಾಕಿದೆ, ಸ್ಟೇಟ್ ಬ್ಯಾಂಕು 2020ರಲ್ಲೇ ತೆಗೆದಿತ್ತು. ಎಲ್ಲ ಬ್ಯಾಂಕುಗಳೂ ತೆಗೆದಿಲ್ಲ. ಚಿಗವ್ವನ ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಖಾತೆಯ ಬಗೆ ಬದಲಾಗಿ ಮುದ್ರಿತವಾಗುವವರೆಗೆ ಪ್ರತಿ ತ್ರೈಮಾಸಿಕದ ಮೊದಲ ವಾರ ಪುಸ್ತಕ ಮುದ್ರಿಸಿ, 118 ಇದೆಯೇ ಎಂದು ನೋಡುತ್ತೇನೆ.