ಹಳೆಯ ಫೋನಿನ ಬ್ಯಾಕಪ್: ಅಳಿಸುವ ಮುನ್ನ

ಕಳೆದ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ ಉತ್ತರದ ದಾರಿ ಕಾಯುತ್ತಿದ್ದೆ. ಉತ್ತರದ ಬದಲು ಫೋನಿನಲ್ಲಿ ಒಂದು ಎಚ್ಚರಿಕೆ ಕಾಣಿಸಿತು. ನನ್ನ ಗೂಗಲ್ ಖಾತೆಯ 15 ಜಿಬಿ ಜಾಗವೂ ತುಂಬಿದೆ, ಇನ್ನು ಜಿಮೇಲಿಗೆ ಪತ್ರಗಳು ಬರಲಾರವು ಎಂಬುದು ಅದರ ಸಾರಾಂಶ. ಜಾಗ ತೆರವು ಮಾಡದೆ ವಿಧಿಯಿರಲಿಲ್ಲ.

ಅದಕ್ಕೆ ಮೂರು ದಿನಗಳ ಹಿಂದೆಯಷ್ಟೇ ಅವ್ವ ಸಂಘದಲ್ಲಿ ಸಾಲ ತೆಗೆದು ನನಗೊಂದು ಹೊಸ ಫೋನು ಕೊಡಿಸಿದ್ದಳು. ಹಳೆಯದನ್ನು ಅಂಗಡಿಯವರು ಬದಲಿಗೆ ತೆಗೆದುಕೊಂಡು, ಅದರೊಳಗಿದ್ದುದನ್ನೆಲ್ಲ ನನ್ನೆದುರಿಗೇ ಅಳಿಸಿದ್ದರು. ಹಳೆಯ ಫೋನೇ ಹೋದ ಮೇಲೆ ಅದರ ಬ್ಯಾಕಪ್ ಇನ್ನೇತಕ್ಕೆ ಎಂದು ನಾನು ತರ್ಕಿಸಿದೆ. ತರ್ಕವೇನೋ ಸರಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲೊಂದು ದೋಷವಿದೆ. ಆ ದೋಷವನ್ನು ವಾಚಕ ಮಿತ್ರರಿಗೆ ತೋರಿಸುವುದೇ ಈ ಲೇಖನದ ಉದ್ದೇಶ.

ಗೂಗಲ್ ಡ್ರೈವ್ ತೆರೆದು, ಮೂಲೆಯ ಮೂರು ಗೆರೆಗಳನ್ನು ಒತ್ತಿದರೆ `Backups` ಎಂಬ ಮಾತು ಕಾಣುತ್ತದೆ. ಅದರೊಳಗೆ ನನಗೆ ಮೂರು ಸಾಲುಗಳು ಕಂಡವು. ಮೊದಲನೆಯದು ಹೊಸ ಫೋನಿನ ಹೆಸರಿನದು, ಎರಡನೆಯದು ಹಳೆಯ ಫೋನಿನದು, ಮೂರನೆಯದು ವಾಟ್ಸ್‌ಆ್ಯಪಿನದು. ಮೂರನೆಯದರ ತಾರೀಖು ಹಳೆಯದಾಗಿತ್ತು. ಆದ್ದರಿಂದ ಅದೂ ಹಳೆಯ ಫೋನಿನ ಕಸವೆಂದೇ ಬಗೆದು ಅಳಿಸಲು ಹೊರಟೆ. ಹಾಸ್ಟೆಲಿನ ನನ್ನ ಗೆಳೆಯ ಕೈ ಹಿಡಿದ. “ಲೋ, ಅದು ಫೋನಿಂದಲ್ಲ ಕಣೋ, ನಿನ್ನ ನಂಬರಿಂದು. ಹೊಸ ಫೋನಲ್ಲಿ ವಾಟ್ಸ್‌ಆ್ಯಪ್ ಹಾಕ್ಕೊಂಡಿದೀಯಾ?” ಎಂದು ಕೇಳಿದ. ನಾನಿನ್ನೂ ಹಾಕಿಕೊಂಡಿರಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ತೀರಿಕೊಂಡ ನಮ್ಮಜ್ಜಿ ಓದುಬರಹ ಬಲ್ಲವಳಲ್ಲ. ತಂಗಿಯ ಫೋನು ಹಿಡಿದು ಅವಳು ನನಗೆ ಕಳಿಸುತ್ತಿದ್ದ ಧ್ವನಿಸಂದೇಶಗಳು ಹಳೆಯ ಫೋನಿನಲ್ಲಿದ್ದವು. ಫೋನು ಹೋಗಿತ್ತು. ತಂಗಿಯ ಫೋನು ನೀರಿಗೆ ಬಿದ್ದು ಕೆಟ್ಟು ಎಷ್ಟೋ ಕಾಲವಾಗಿತ್ತು. ಅಜ್ಜಿಯ ಧ್ವನಿ ಉಳಿದಿದ್ದುದು ಆ ಮೂರನೆಯ ಸಾಲಿನಲ್ಲಿ ಮಾತ್ರ.

ಇಲ್ಲಿ ತಿಳಿಯಬೇಕಾದುದಿಷ್ಟು. ಫೋನಿನ ಹೆಸರಿರುವ ಬ್ಯಾಕಪ್ಪಿನಲ್ಲಿ ಎಸ್ಸೆಮ್ಮೆಸ್ಸುಗಳು, ಕರೆಗಳ ಪಟ್ಟಿ, ಫೋನಿನ ಸೆಟ್ಟಿಂಗುಗಳು, ಆ್ಯಪುಗಳ ಒಂದಿಷ್ಟು ಮಾಹಿತಿ ಇರುತ್ತವೆ. ಚಿತ್ರಗಳು ಅದರಲ್ಲಿಲ್ಲ, ಅವು ಗೂಗಲ್ ಫೋಟೋಸ್‌ನಲ್ಲಿ ಬೇರೆಯಾಗಿ ಇರುತ್ತವೆ. ವಾಟ್ಸ್‌ಆ್ಯಪಿನ ಬ್ಯಾಕಪ್ಪು ನಂಬರಿಗೆ ಅಂಟಿಕೊಂಡದ್ದು. ಫೋನು ಬದಲಾದರೂ ಅದು ಬದಲಾಗದು. ಹಿಂದೆ ಇದನ್ನು 15 ಜಿಬಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. 2024ರ ಹೊತ್ತಿಗೆ ಇದೂ ಲೆಕ್ಕಕ್ಕೆ ಸೇರಿತು. ಹಲವರ ಖಾತೆಗಳು ಒಮ್ಮೆಲೇ ತುಂಬಿದಂತಾಗಲು ಇದೂ ಒಂದು ಕಾರಣ.

ಆಗ ನಾವು ಕ್ರಮವಾಗಿ ಹೀಗೆ ಮಾಡಿದೆವು. ಹೊಸ ಫೋನಿನಲ್ಲಿ ಅದೇ ಗೂಗಲ್ ಖಾತೆ ಇದೆಯೆಂದು ನೋಡಿಕೊಂಡು ವಾಟ್ಸ್‌ಆ್ಯಪ್ ಹಾಕಿ, ಅದೇ ನಂಬರನ್ನು ಕೊಟ್ಟೆವು. `Restore` ಎಂದು ಕೇಳಿದಾಗ ಒಪ್ಪಿದೆವು. ಮೊದಲು ಮಾತುಗಳು ಇಳಿದವು. ಧ್ವನಿ, ಚಿತ್ರ, ವಿಡಿಯೋಗಳು ನಿಧಾನವಾಗಿ ಹಿಂದಿನಿಂದ ಬಂದವು. ಎಲ್ಲವೂ ಇಳಿದು ಮುಗಿಯುವ ತನಕ ಹೊಸ ಬ್ಯಾಕಪ್ ಮಾಡಕೂಡದು. ಹೊಸದು ಹಳೆಯದರ ಜಾಗದಲ್ಲೇ ಕೂರುವುದರಿಂದ, ಇಳಿಯದೆ ಉಳಿದದ್ದು ಕಳೆದುಹೋಗಬಹುದು. ಮುಗಿಯಿತೆಂಬುದಕ್ಕೆ ಪರೀಕ್ಷೆ ಒಂದೇ: ತೀರ ಹಳೆಯ ಸಂದೇಶವನ್ನು ತೆರೆದು ಕೇಳಬೇಕು. ಕೇಳಿದೆ. “ಉಂಡ್ಯೇನ್ಲಾ ಮಗಾ?” ಎಂದಳು ಅಜ್ಜಿ.

ಅನಂತರ ಎಸ್ಸೆಮ್ಮೆಸ್ಸುಗಳನ್ನು ನೋಡಿದೆವು. ಹೊಸ ಫೋನನ್ನು ಮೊದಲ ಸಲ ಸಿದ್ಧಪಡಿಸುವಾಗ ಹಳೆಯದರ ಬ್ಯಾಕಪ್ಪನ್ನು ಆರಿಸಿದ್ದರಿಂದ ಬ್ಯಾಂಕಿನ ಹಳೆಯ ಸಂದೇಶಗಳೆಲ್ಲ ಬಂದಿದ್ದವು. ಆ ಮೇಲೆಯೇ ಎರಡನೆಯ ಸಾಲಿನ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ `Delete backup` ಕೊಟ್ಟದ್ದು. ಇದಕ್ಕೆ ಕಸದ ಬುಟ್ಟಿಯಿಲ್ಲ. ಅಳಿಸಿದ್ದು ಮರಳಿ ಬಾರದು. ಅಳಿಸದೆ ಬಿಟ್ಟರೂ, 57 ದಿನ ಬಳಸದ ಫೋನಿನ ಬ್ಯಾಕಪ್ಪು ತಾನಾಗಿಯೇ ಹೋಗುತ್ತದೆ. ಆದ್ದರಿಂದ ಸಂಶಯವಿದ್ದವರು ಅವಸರಪಡಬೇಕಾಗಿಲ್ಲ. ಆದರೆ ಬಹುಕಾಲ ಮರೆತು ಕೂರುವಂತೆಯೂ ಇಲ್ಲ.

ಇಷ್ಟೆಲ್ಲ ಮಾಡಿ ದೊರೆತ ಜಾಗವೆಷ್ಟು? ಕೇವಲ 0.2 ಜಿಬಿ! ನನ್ನ ಲೆಕ್ಕ ಹೀಗಿತ್ತು: ಚಿತ್ರಗಳು 7.9, ವಾಟ್ಸ್‌ಆ್ಯಪ್ 6.3, ಪತ್ರ ಮತ್ತು ಕಡತಗಳು 0.6, ಹಳೆಯ ಫೋನು 0.2. ಯಾವುದನ್ನು ಕಸವೆಂದು ದೂರಿದ್ದೆನೋ ಅದು ಎಲ್ಲಕ್ಕಿಂತ ಚಿಕ್ಕದು. ವಾಟ್ಸ್‌ಆ್ಯಪಿನ `Chat backup`ನಲ್ಲಿ `Include videos` ಎಂಬುದನ್ನು ಆಫ್ ಮಾಡಿ ಹೊಸದಾಗಿ ಬ್ಯಾಕಪ್ ಮಾಡಿದಾಗ 6.3 ಇದ್ದದ್ದು 1.5ಕ್ಕಿಳಿಯಿತು. ವಿಡಿಯೋಗಳು ಫೋನಿನಲ್ಲಿ ಹಾಗೆಯೇ ಉಳಿದವು. ಈ ಫೋನೂ ಕೆಟ್ಟರೆ ಅವು ಮಾತ್ರ ಹೋಗುತ್ತವೆ. ಅದಕ್ಕೆ ನಾನು ಒಪ್ಪಿದೆ.

ಒಟ್ಟು 5 ಜಿಬಿ ತೆರವಾಯಿತು. ಕಚೇರಿಗೆ ಫೋನು ಮಾಡಿ ಪತ್ರವನ್ನು ಮತ್ತೊಮ್ಮೆ ಕಳಿಸಲು ಬೇಡಿಕೊಂಡೆ. ಮರುದಿನ ಅದು ಬಂತು. ಕಡೆಯ ತಾರೀಖಿಗೆ ಇನ್ನೂ ಎರಡು ದಿನವಿತ್ತು.