ತೆರೆಯ ಬೊಂಬೆ ನಿಲ್ಲುವ ಬಗೆ, ಬೀಳುವ ಬಗೆ

ಕಂಪ್ಯೂಟರ್ ಆಟದ ಬೊಂಬೆಯ ನಡಿಗೆಯನ್ನು ಸಾಮಾನ್ಯವಾಗಿ ಸಮನೆಲಕ್ಕೆಂದೇ ರಚಿಸಿರುತ್ತಾರೆ. ಮೆಟ್ಟಿಲ ಮೇಲೆ ಅದರ ಒಂದು ಪಾದ ಗಾಳಿಯಲ್ಲಿ ತೇಲುತ್ತದೆ, ಇಲ್ಲವೆ ಕಲ್ಲಿನಲ್ಲಿ ಹೂತುಹೋಗುತ್ತದೆ. ಪಾದದ ಸ್ಥಾನವನ್ನು ಮೊದಲು ಗೊತ್ತುಮಾಡಿ, ಅದಕ್ಕೆ ತಕ್ಕ ಮಂಡಿಯ ಕೋನವನ್ನು ಲೆಕ್ಕಹಾಕುವ ಕ್ರಮಕ್ಕೆ ಇನ್ವರ್ಸ್ ಕೈನೆಮ್ಯಾಟಿಕ್ಸ್ ಎಂದು ಹೆಸರು.

ತೊಡೆಯ ಮೂಳೆ 40, ಕೆಳಗಾಲಿನ ಮೂಳೆ 40 ಸೆಂ.ಮೀ. ಎನ್ನೋಣ. ಸಮನೆಲದಲ್ಲಿ ಸೊಂಟದಿಂದ ಪಾದದ ಗಂಟಿಗೆ 78 ಸೆಂ.ಮೀ. ಎಡಗಾಲು 15 ಸೆಂ.ಮೀ. ಕೆಳಗಿನ ಮೆಟ್ಟಿಲಿಗೆ ಬಂದರೆ 93 ಬೇಕು. ಕಾಲಿನ ಉದ್ದವೋ 80 ಮಾತ್ರ. ಆದ್ದರಿಂದ ಮೊದಲು ಸೊಂಟವನ್ನೇ 15 ಇಳಿಸತಕ್ಕದ್ದು. ಆಗ ಎಡಗಾಲಿಗೆ 78 ಉಳಿಯುತ್ತದೆ, ಬಲಗಾಲಿಗೆ 63. ಬಲಮಂಡಿಯ ಕೋನವನ್ನು ತ್ರಿಕೋನದ ಸೂತ್ರ ಕೊಡುತ್ತದೆ:

```
cos θ = (40² + 40² − 63²) / (2 × 40 × 40) = −0.24
θ ≈ 104°
```

ಮಂಡಿ ಮುಂದಕ್ಕೇ ಬಾಗಬೇಕೆಂದು ದಿಕ್ಕನ್ನೂ ಹೇಳತಕ್ಕದ್ದು. ಈ ಸೂತ್ರ ಅದನ್ನು ತಿಳಿಸದು.

ಬೊಂಬೆ ಬಿದ್ದಾಗ ಈ ಲೆಕ್ಕವನ್ನು ನಿಲ್ಲಿಸಿ, ಮೂಳೆಗಳನ್ನು ಭೌತಶಾಸ್ತ್ರದ ನಿಯಮಗಳಿಗೆ ಒಪ್ಪಿಸುತ್ತಾರೆ. ಇದೇ ರ‍್ಯಾಗ್‌ಡಾಲ್. ನಿಲ್ಲಿಸದಿದ್ದರೆ ಪಾದಗಳು ನೆಲಕ್ಕೆ ಅಂಟಿಕೊಂಡೇ ಇರುತ್ತವೆ. ಪ್ರತಿ ಮೂಳೆಗೂ ಅದರ ಹಿಂದಿನ ವೇಗವನ್ನು ಕೊಡಬೇಕು: 1/60 ಸೆಕೆಂಡಿನಲ್ಲಿ 5 ಸೆಂ.ಮೀ. ಸರಿದಿದ್ದರೆ ಸೆಕೆಂಡಿಗೆ 3 ಮೀಟರ್. ಇದನ್ನು ಮರೆತರೆ, ಓಡುತ್ತಿದ್ದ ಬೊಂಬೆ ಮುಗ್ಗರಿಸುವುದಿಲ್ಲ. ನಿಂತಲ್ಲೇ ಮೂಟೆಯಂತೆ ಕುಸಿಯುತ್ತದೆ.