ಎರಡನೇ ಸಲವೂ ಪಗಾರ ಏರಿಸಬೇಕೆ?

ಪ್ರಶ್ನೆ: ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಬಲ್ಕ್ ಡ್ರಗ್ ಘಟಕವಿದೆ. ಕ್ಯೂಸಿ ಲ್ಯಾಬಿನಲ್ಲಿ ಮೂರು ವರ್ಷದಿಂದ ಇರುವ ಔರಾದ್ ಕಡೆಯ ಕೆಮಿಸ್ಟ್ ಒಬ್ಬರಿಗೆ ಪಟಾನ್‌ಚೆರುವಿನ ಕಂಪನಿಯಿಂದ ಆಫರ್ ಬಂತು. ಒಳ್ಳೆಯ ಹುಡುಗ, ಬಿಡಬಾರದೆಂದು ಪಗಾರ ಏರಿಸಿದೆ. ಅವರು ಅದನ್ನು ಅಲ್ಲಿ ಹೇಳಿದರು. ಅಲ್ಲಿ ಇನ್ನಷ್ಟು ಏರಿಸಿದರು. ಈಗ ನಾನು ಮತ್ತೆ ಏರಿಸಬೇಕೆ? ಎಲ್ಲಿಗೆ ನಿಲ್ಲಿಸಬೇಕು?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಈ ಗೊಂದಲ ತಮ್ಮೊಬ್ಬರದಲ್ಲ. ಜಹೀರಾಬಾದ್ ದಾಟಿದರೆ ಹೈದರಾಬಾದಿನ ಕಾರ್ಖಾನೆಗಳ ಸಾಲೇ ಸಿಗುತ್ತದೆ. ಹಾಗಾಗಿ ಬೀದರಿನಲ್ಲಿ ಕೆಲಸ ಕಲಿತ ಕೆಮಿಸ್ಟರಿಗೆ ಆ ಕಡೆಯಿಂದ ಕರೆ ಬರುವುದು ಸಹಜ. ತಮ್ಮ ಸಂಶಯ ಇಷ್ಟು: ಕೈಯಲ್ಲಿ ಬೇರೆಯವರ ಆಫರ್ ಇರುವ ನೌಕರನನ್ನು ಉಳಿಸಿಕೊಳ್ಳಲು ಎಷ್ಟರ ತನಕ ಹೋಗಬಹುದು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಲ ಏರಿಸಿದ್ದು ತಪ್ಪಲ್ಲ, ಎರಡನೇ ಸಲ ಏರಿಸಬೇಡಿ. ಯಾಕೆಂದು ಒಂದು ಲೆಕ್ಕ ಹಾಕಿ ನೋಡೋಣ. ತಾವು ಅಂಕಿಗಳನ್ನು ಬರೆದಿಲ್ಲವಾದ್ದರಿಂದ ನಾನೇ ಉದಾಹರಣೆಗೆ ಕೆಲವನ್ನು ಇಟ್ಟುಕೊಳ್ಳುತ್ತೇನೆ. ತಮ್ಮ ಅಂಕಿಗಳನ್ನು ಹಾಕಿ ಮತ್ತೊಮ್ಮೆ ಮಾಡಿಕೊಳ್ಳಿ.

ಆ ಕೆಮಿಸ್ಟರ ಈಗಿನ ಸಿಟಿಸಿ ತಿಂಗಳಿಗೆ 26,000 ರೂಪಾಯಿ ಎನ್ನೋಣ. ಪಟಾನ್‌ಚೆರುವಿನವರು 34,000 ಎಂದರು. ತಾವು 32,000 ಎಂದಿರಿ. ಅವರು 37,000ಕ್ಕೆ ಹೋದರು. ಈಗ ತಮ್ಮ ತಲೆಯಲ್ಲಿ 38,000 ಓಡುತ್ತಿದೆ. ಅಂದರೆ ಈಗಿನದಕ್ಕಿಂತ ತಿಂಗಳಿಗೆ 12,000 ಹೆಚ್ಚು, ವರ್ಷಕ್ಕೆ 1,44,000. ಒಬ್ಬ ಒಳ್ಳೆಯ ಕೆಮಿಸ್ಟ್ ಉಳಿಯುವುದಾದರೆ ಇಷ್ಟು ಕೊಡಬಹುದು ಎಂದು ತಮಗೆ ಅನ್ನಿಸಬಹುದು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ತಮ್ಮ ಲ್ಯಾಬಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಅನುಭವದ ಇನ್ನೂ ನಾಲ್ವರು ಇದ್ದಾರೆ ಎಂದಿಟ್ಟುಕೊಳ್ಳಿ. ಪಗಾರದ ಮಾತು ಗುಟ್ಟಾಗಿ ಉಳಿಯುತ್ತದೆಂದು ಮಾಲೀಕರು ಮಾತ್ರ ನಂಬುತ್ತಾರೆ. ಒಂದೇ ರೂಮಿನಲ್ಲಿ ಇರುವವರು, ಒಂದೇ ಬಸ್ಸಿಗೆ ಶನಿವಾರ ಊರಿಗೆ ಹೋಗುವವರು, ಪೇ ಸ್ಲಿಪ್ಪನ್ನು ಒಬ್ಬರಿಗೊಬ್ಬರು ತೋರಿಸಿಯೇ ತೋರಿಸುತ್ತಾರೆ. ಆ ನಾಲ್ವರಿಗೆ ಪೂರ್ತಿ 12,000 ಬೇಡ, ಅರ್ಧ ಏರಿಸಬೇಕಾಗಿ ಬಂದರೂ ತಿಂಗಳಿಗೆ 24,000, ವರ್ಷಕ್ಕೆ 2,88,000 ಆಯಿತು. ಒಬ್ಬರನ್ನು ಉಳಿಸಿಕೊಳ್ಳುವ ನಿಜವಾದ ಖರ್ಚು ಹೀಗೆ ವರ್ಷಕ್ಕೆ 4,32,000ಕ್ಕೆ ಬಂದು ನಿಲ್ಲುತ್ತದೆ, ಅದೂ ಪ್ರತಿ ವರ್ಷ. ಏರಿಸದೇ ಹೋದರೆ ಇನ್ನೂ ಕಷ್ಟ. ಬೇರೆ ಕಡೆಯಿಂದ ಪತ್ರ ತಂದವನಿಗೆ ಮಾತ್ರ ಇಲ್ಲಿ ಪಗಾರ ಏರುತ್ತದೆ ಎಂಬುದನ್ನು ಉಳಿದವರು ಕಲಿತುಬಿಡುತ್ತಾರೆ. ಮುಂದಿನ ಆರು ತಿಂಗಳಲ್ಲಿ ತಮ್ಮ ಮೇಜಿನ ಮೇಲೆ ಇನ್ನೆರಡು ಆಫರ್ ಲೆಟರ್ ಬಂದರೆ ಆಶ್ಚರ್ಯಪಡಬೇಡಿ.

ಈಗ ಅವರು ಹೋದರೆ ಆಗುವ ಖರ್ಚನ್ನು ನೋಡಿ. ಕನ್ಸಲ್ಟೆನ್ಸಿಯ ಮೂಲಕ ಹುಡುಕಿದರೆ ಅವರಿಗೆ ಸುಮಾರು ಒಂದು ತಿಂಗಳ ಪಗಾರ, 30,000 ಎನ್ನೋಣ. ಹೊಸಬರು ಬಂದ ದಿನವೇ ರಿಪೋರ್ಟಿಗೆ ಸಹಿ ಮಾಡುವ ಹಾಗಿಲ್ಲ ಎಂಬುದು ತಮಗೆ ಗೊತ್ತೇ ಇದೆ. ಫಲಿತಾಂಶ ಗೊತ್ತಿರುವ ಸ್ಯಾಂಪಲ್ಲನ್ನು ಹಳಬರೂ ಹೊಸಬರೂ ಬೇರೆ ಬೇರೆಯಾಗಿ ಮಾಡಿ, ಎರಡೂ ನಿಗದಿತ ಮಿತಿಯೊಳಗೆ ತಾಳೆಯಾಗಿ, ಅದು ದಾಖಲಾದ ಮೇಲೆಯೇ ಆ ಪರೀಕ್ಷೆಯನ್ನು ಅವರಿಗೆ ಬಿಟ್ಟುಕೊಡಬೇಕು. ಎಚ್‌ಪಿಎಲ್‌ಸಿ, ತೇವಾಂಶ, ಉಳಿದ ದ್ರಾವಕ ಎಂದು ಒಂದೊಂದನ್ನೇ ದಾಟುತ್ತ ಬರುವಷ್ಟರಲ್ಲಿ ಮೂರು ತಿಂಗಳು ಹಿಡಿಯುತ್ತದೆ ಎಂದುಕೊಳ್ಳಿ. ಆ ಮೂರು ತಿಂಗಳ ಪಗಾರ 90,000, ಉಳಿದವರಿಗೆ ಓವರ್‌ಟೈಮ್ 30,000. ಒಟ್ಟು ಒಂದೂವರೆ ಲಕ್ಷ. ಒಂದು ಬ್ಯಾಚ್ ಬಿಡುಗಡೆ ತಡವಾಗಿ ಇನ್ನೊಂದು ಐವತ್ತು ಸಾವಿರ ಹೋಯಿತೆಂದರೂ ಎರಡು ಲಕ್ಷ. ಇದು ಒಂದು ಸಲದ ಖರ್ಚು, ಅದು ವರ್ಷವರ್ಷದ ಖರ್ಚು. ಪೈಪೋಟಿಯ ಬಿಸಿಯಲ್ಲಿ ಇದೇ ಮರೆತುಹೋಗುವುದು.

ಆದರೆ ಈ ಲೆಕ್ಕದಲ್ಲಿ ತಮಗೆ ಹಿಡಿಸದ ಒಂದು ಸತ್ಯವೂ ಇದೆ. ಹೊಸಬರನ್ನು ಹುಡುಕಹೊರಟಾಗ 26,000ಕ್ಕೆ ಯಾರೂ ಸಿಗಲಿಕ್ಕಿಲ್ಲ. ಆ ಮೊದಲ ಆಫರ್ ಲೆಟರನ್ನು ಬೆದರಿಕೆ ಎಂದು ಓದುವ ಬದಲು, ಪುಕ್ಕಟೆಯಾಗಿ ಸಿಕ್ಕ ಮಾರುಕಟ್ಟೆ ದರ ಎಂದು ಓದಿ. ಲ್ಯಾಬಿನವರಿಗೆಲ್ಲ ಎರಡು ವರ್ಷದಿಂದ ಕಡಿಮೆ ಕೊಡುತ್ತ ಬಂದಿದ್ದರೆ ಅದನ್ನು ಸರಿಪಡಿಸುವುದು ಹೇಗೂ ತಪ್ಪದು. ಅದನ್ನು ಎಲ್ಲರಿಗೂ ಸೇರಿಸಿ, ಕಾರಣ ಹೇಳಿ ಮಾಡಿದರೆ ಮೇಲೆ ಹೇಳಿದ ಮುನಿಸು ಹುಟ್ಟುವುದಿಲ್ಲ.

ಎರಡೂ ಕಡೆಯವರು ಏರಿಸುತ್ತ ಹೋದಾಗ ಗೆದ್ದವನೇ ಸೋಲುವುದು ಹೊಸ ಸಂಗತಿಯೇನಲ್ಲ. 1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಮೂವರು ಎಂಜಿನಿಯರುಗಳು ಸಮುದ್ರತಳದ ತೈಲ ನಿಕ್ಷೇಪಗಳ ಹರಾಜಿನ ಬಗ್ಗೆ ಇದನ್ನೇ ಬರೆದರು. ನೆಲದಡಿ ಎಷ್ಟು ಎಣ್ಣೆ ಇದೆಯೆಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಎಲ್ಲರದೂ ಅಂದಾಜು. ಹರಾಜು ಯಾರಿಗೆ ಆಗುತ್ತದೆ? ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನಿಗೆ. ಹಾಗಾಗಿ ಅವನು ಸಾಮಾನ್ಯವಾಗಿ ಬೆಲೆಗಿಂತ ಹೆಚ್ಚೇ ಕೊಟ್ಟಿರುತ್ತಾನೆ. ತಮ್ಮ ವಿಷಯದಲ್ಲಿ ಒಂದು ಅನುಕೂಲವಿದೆ: ಆ ಕೆಮಿಸ್ಟ್ ಎಷ್ಟು ಕೆಲಸದವರೆಂದು ತಮಗೆ ಮೂರು ವರ್ಷದಿಂದ ಗೊತ್ತು, ಪಟಾನ್‌ಚೆರುವಿನವರಿಗೆ ಒಂದು ಸಂದರ್ಶನದಷ್ಟೇ ಗೊತ್ತು. ಅವರು ಹೇಳಿದ ಅಂಕಿ ನೋಡಿ ತಮ್ಮ ಅಂದಾಜನ್ನು ತಿದ್ದಿಕೊಂಡರೆ ಆ ಅನುಕೂಲವನ್ನು ಕೈಯಾರೆ ಬಿಟ್ಟುಕೊಟ್ಟ ಹಾಗೆ.

ಇನ್ನು ಆ ಕೆಮಿಸ್ಟರ ಜೊತೆ ಕುಳಿತು ಎರಡು ಕಡೆಯ ಪತ್ರಗಳನ್ನೂ ಬಿಡಿಸಿ ನೋಡಿ. 37,000 ಎಂದರೆ ಕೈಗೆ ಬರುವುದು 37,000 ಅಲ್ಲ. ಸಿಟಿಸಿಯೊಳಗೆ ಕಂಪನಿಯ ಪಿಎಫ್ ಪಾಲು ಸೇರಿರುತ್ತದೆ. 15,000ದ ಮಿತಿಯ ಮೇಲೆ ಶೇಕಡಾ 12ರ ಲೆಕ್ಕದಲ್ಲಿ ಅದು 1,800. ಗ್ರಾಚ್ಯುಟಿಗೆಂದು ಒಂಬೈನೂರರ ಆಸುಪಾಸು, ವಿಮೆಗೆ ಐನೂರು, ವರ್ಷದ ಕೊನೆಗೆ ಕೊಟ್ಟರೂ ಕೊಡಬಹುದಾದ ಇನ್ಸೆಂಟಿವ್ ಮೂರು ಸಾವಿರ ಎಂದು ತೆಗೆಯುತ್ತ ಬಂದು, ನೌಕರನ ಪಿಎಫ್ ಪಾಲನ್ನೂ ಕಳೆದರೆ ಕೈಗೆ ಸಿಗುವುದು 29,000. ರೂಮು, ಮೆಸ್ಸು, ಊರಿಗೆ ಹೋಗಿಬರುವ ಖರ್ಚು ಸೇರಿ 9,500 ಹೋದರೆ ಉಳಿಯುವುದು 19,500. ತಮ್ಮ 32,000ದಲ್ಲಿ ಇನ್ಸೆಂಟಿವ್ ಇಲ್ಲವಾದರೆ ಪಿಎಫ್, ಗ್ರಾಚ್ಯುಟಿ ಕಳೆದು ಕೈಗೆ ಸುಮಾರು 27,600. ಬೀದರಿನ ಖರ್ಚು 6,000 ತೆಗೆದರೆ ಉಳಿಯುವುದು 21,600. ಅಂದರೆ ತಾವು ಸೋತೆವೆಂದುಕೊಂಡ ಸುತ್ತಿನಲ್ಲಿ ತಮ್ಮದೇ ಹೆಚ್ಚಾಗಿತ್ತು.

ಈ ಲೆಕ್ಕ ತೋರಿಸಿದ ಮೇಲೂ ಅವರು ಹೋಗುತ್ತೇನೆ ಎಂದರೆ ವಿಷಯ ಪಗಾರದ್ದಲ್ಲ ಎಂದು ತಿಳಿಯಿರಿ. ಮೂರು ವರ್ಷದಿಂದ ನೈಟ್ ಶಿಫ್ಟೇ ಬರುತ್ತಿರಬಹುದು. ಎಚ್‌ಪಿಎಲ್‌ಸಿ ಮುಟ್ಟಲು ಬಿಡದೆ ಬರೀ ಟೈಟ್ರೇಶನ್ ಮಾಡಿಸುತ್ತಿರಬಹುದು. ವಿದೇಶಿ ಆಡಿಟ್ ನಡೆಯುವ ದೊಡ್ಡ ಕಂಪನಿಯ ಹೆಸರು ಬಯೋಡೇಟಾದಲ್ಲಿ ಬೇಕಾಗಿರಬಹುದು. ಮೊದಲೆರಡನ್ನು ತಾವು ನಾಳೆಯೇ ಸರಿಮಾಡಬಹುದು, ಒಂದು ರೂಪಾಯಿ ಖರ್ಚಿಲ್ಲದೆ. ಮೂರನೆಯದನ್ನು 38,000 ಕೊಟ್ಟರೂ ಕೊಡಲಾಗದು. ಹಣಕ್ಕೆ ಉಳಿದರೂ ಆ ಕಾರಣ ಹಾಗೇ ಇರುತ್ತದೆ. (ಕೌಂಟರ್ ಆಫರ್ ಒಪ್ಪಿದವರಲ್ಲಿ ಇಷ್ಟು ಶೇಕಡಾ ಜನ ಆರು ತಿಂಗಳಲ್ಲಿ ಬಿಟ್ಟೇ ಬಿಡುತ್ತಾರೆ ಎಂಬ ಅಂಕಿಗಳು ಓಡಾಡುತ್ತಿರುತ್ತವೆ. ಅವುಗಳ ಮೇಲೆ ತೀರ್ಮಾನ ಮಾಡಬೇಡಿ. ಹೆಚ್ಚಾಗಿ ಅವನ್ನು ಹೇಳುವವರು ಕನ್ಸಲ್ಟೆನ್ಸಿಯವರು, ಮತ್ತು ಅಭ್ಯರ್ಥಿ ಹೊಸ ಕಡೆ ಸೇರಿದರೆ ಮಾತ್ರ ಅವರಿಗೆ ಕಮಿಷನ್.)

ಇಲ್ಲಿ ಅನೇಕರಿಗೆ ಆಗುವ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ತಾವು ಕೌಂಟರ್ ಆಫರ್ ಕೊಟ್ಟ ಮಾತ್ರಕ್ಕೆ ಪಟಾನ್‌ಚೆರುವಿನವರ ಆಫರಿಗೆ ಏನೂ ಆಗುವುದಿಲ್ಲ, ಅದು ಹಾಗೇ ಇರುತ್ತದೆ. ಆದರೆ ಕೆಮಿಸ್ಟ್ ಇನ್ನೂ ಒಪ್ಪಿ ಸಹಿ ಮಾಡದೆ, ‘37 ಕೊಟ್ಟರೆ ಮಾತ್ರ ಬರುತ್ತೇನೆ’ ಎಂದು ಅವರಿಗೆ ಹೇಳಿದರೆ ಆ ಮೊದಲಿನ 34ರ ಆಫರ್ ಬಿದ್ದುಹೋಗುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಪೂರ್ತಿಯಾಗಿರಬೇಕು, ಷರತ್ತು ಇರಬಾರದು. ಷರತ್ತು ಹಾಕಿದರೆ ಅದು ಒಪ್ಪಿಗೆಯಲ್ಲ, ಅವರ ಕಡೆಯ ಹೊಸ ಆಫರ್. ಆಮೇಲೆ 34ಕ್ಕೇ ಬರುತ್ತೇನೆಂದರೂ ಕಂಪನಿ ಒಲ್ಲೆ ಎನ್ನಬಹುದು. ಅವರು ವಯಸ್ಸಿನಲ್ಲಿ ಚಿಕ್ಕವರಾದರೆ ತಾವೇ ಇದನ್ನು ತಿಳಿಸಿ ಹೇಳಿ. ಎರಡು ಕಡೆಯೂ ಕಳೆದುಕೊಳ್ಳುವವರು ಹೆಚ್ಚಾಗಿ ಇಂಥವರೇ. ಇನ್ನು ತಾವು 32,000ವನ್ನು ಬರೀ ಬಾಯಿಮಾತಿನಲ್ಲಿ ಹೇಳಿದ್ದರೆ ಆಮೇಲೆ ಅದನ್ನು ತೋರಿಸಿಕೊಡುವುದು ಕಷ್ಟ. ಯಾವ ತಾರೀಖಿನಿಂದ, ಯಾವ ಹುದ್ದೆಗೆ, ಬೇಸಿಕ್ ಎಷ್ಟು ಎಂದು ಪತ್ರದಲ್ಲಿ ಕೊಡಿ. ರಾಜೀನಾಮೆ ಕೊಟ್ಟಾಗಿದ್ದರೆ ಹಿಂಪಡೆದ ಪತ್ರವನ್ನೂ ಬರೆಸಿಕೊಳ್ಳಿ.

ಏರಿಸಿದ್ದಕ್ಕೆ ಬದಲಾಗಿ ಬಾಂಡ್ ಬರೆಸಿಕೊಳ್ಳೋಣ ಎಂದು ಯಾರಾದರೂ ಸಲಹೆ ಕೊಟ್ಟಾರು. ಈ ಬಗ್ಗೆ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಬಿಟ್ಟು ಬೇರೆ ಬ್ಯಾಂಕು ಸೇರಿದರು. ನೇಮಕಾತಿ ಷರತ್ತಿನಂತೆ ಎರಡು ಲಕ್ಷ ಕಟ್ಟಬೇಕಾಯಿತು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು, ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅದನ್ನು ತಮಗೆ ಹಾಗೇ ಅನ್ವಯಿಸಿಕೊಳ್ಳಬೇಡಿ. ಸರ್ಕಾರಿ ಬ್ಯಾಂಕು ಮತ್ತೆ ಬಹಿರಂಗ ನೇಮಕಾತಿ ನಡೆಸಬೇಕಾದ ಖರ್ಚು, ಆ ಹುದ್ದೆಯ ಪಗಾರಕ್ಕೆ ಎರಡು ಲಕ್ಷ ಹೆಚ್ಚಲ್ಲ ಎಂಬುದು, ಇವೆಲ್ಲವನ್ನೂ ಕೋರ್ಟು ನೋಡಿತು. ಸಣ್ಣ ಘಟಕದ ಕೆಮಿಸ್ಟರಿಂದ ದೊಡ್ಡ ಮೊತ್ತ ಬರೆಸಿಕೊಂಡರೆ ಅದೇ ಫಲ ಸಿಗುತ್ತದೆಂದು ಹೇಳಲಾಗದು. ಬಾಂಡಿಗಿಂತ ಒಳ್ಳೆಯ ದಾರಿ ಹಣವನ್ನು ಭಾಗ ಮಾಡಿ ಕೊಡುವುದು. ಪಗಾರವನ್ನು ಲ್ಯಾಬಿನ ಉಳಿದವರಿಗೂ ಹೊಂದುವಷ್ಟು ಏರಿಸಿ. ಅದರ ಮೇಲೆ ಕೊಡಬೇಕೆನಿಸಿದ್ದನ್ನು ಆರು ತಿಂಗಳಿಗೆ ಅರ್ಧ, ವರ್ಷಕ್ಕೆ ಅರ್ಧ ಎಂದು ಒಂದೇ ಸಲದ ಬೋನಸ್ ಮಾಡಿ. ಅದು ಮುಂದಿನ ವರ್ಷದ ಪಗಾರಕ್ಕೆ ಅಂಟಿಕೊಳ್ಳುವುದಿಲ್ಲ.

ಹಾಗಾಗಿ ಈ ವಾರ ತಾವು ಮಾಡಬೇಕಾದ್ದು ಇಷ್ಟೇ. ಆ 32,000ವನ್ನೇ ಪತ್ರದಲ್ಲಿ ಬರೆದು, ಶಿಫ್ಟ್ ಮತ್ತು ಎಚ್‌ಪಿಎಲ್‌ಸಿಯ ಮಾತನ್ನೂ ಸೇರಿಸಿ, ಇಂಥ ದಿನದೊಳಗೆ ತಿಳಿಸಿ ಎಂದು ಕೊಡಿ. ಪಟಾನ್‌ಚೆರುವಿಗೆ ಫೋನು ಮಾಡಿ ವಿಚಾರಿಸಲು ಹೋಗಬೇಡಿ. ಹೋಗುತ್ತೇನೆ ಎಂದರೆ ನೋಟಿಸ್ ಅವಧಿಯ ಮೊದಲ ದಿನವೇ ಬಾಕಿ ಸ್ಟೆಬಿಲಿಟಿ ಸ್ಯಾಂಪಲ್‌ಗಳ ಪಟ್ಟಿ, ನೋಟ್‌ಬುಕ್ಕು, ರೆಫರೆನ್ಸ್ ಸ್ಟ್ಯಾಂಡರ್ಡ್‌ಗಳ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಲು ಹೇಳಿ. ಕೊನೆಯ ದಿನ ರಿಲೀವಿಂಗ್ ಲೆಟರನ್ನು ತಡೆಯದೆ ಕೊಡಿ. ಮನೆಯವರ ಕಾರಣಕ್ಕೆ ಔರಾದಿಗೆ ಹತ್ತಿರ ಇರಬೇಕೆಂದು ಎರಡು ವರ್ಷಕ್ಕೆ ತಿರುಗಿ ಬರುವವರು ಉಂಟು. ಅವರು ಬಂದರೆ ಎಚ್‌ಪಿಎಲ್‌ಸಿಯನ್ನೂ ಆಡಿಟ್ಟನ್ನೂ ಬೇರೆಯವರ ಖರ್ಚಿನಲ್ಲಿ ಕಲಿತು ಬಂದಿರುತ್ತಾರೆ.